ಖರ್ಚು 125 ಲಕ್ಷ ಆದರೆ ಮಾಲೀಕರು ಕೊಡಬೇಕಾದ್ದು 125ಆ, 122ಆ? (ಪಿಎಂಪಿ, ಕರಾರಿನ ವಿಧಗಳು, ರಿಸ್ಕ್ ಯಾರದು)

ತೋರಣಗಲ್ಲು ಪ್ಲಾನರ್

ಎಲ್ಲರಿಗೂ ನಮಸ್ಕಾರ. ಪಿಎಂಪಿ ಪರೀಕ್ಷೆಗೆ ನಾವು ನಾಲ್ಕು ಜನ ಶಿಫ್ಟ್ ಮುಗಿಸಿಕೊಂಡು ಒಟ್ಟಿಗೆ ಓದುತ್ತಿದ್ದೇವೆ. ಕರಾರಿನ ಭಾಗಕ್ಕೆ ಬಂದ ಮೇಲೆ ಎರಡು ಪಾರ್ಟಿ ಆಗಿದೆ. ಜಗಳ ಹುಟ್ಟಿಸಿದ ಪ್ರಶ್ನೆಯನ್ನು ನಮ್ಮ ಕಡೆಯ ಕೆಲಸಕ್ಕೆ ಹೊಂದಿಸಿ ಬರೆದಿದ್ದೇನೆ.

ಒಂದು ಉಕ್ಕಿನ ಕಾರ್ಖಾನೆ ಕನ್ವೇಯರ್ ಗ್ಯಾಲರಿ ಬದಲಿಸಲು ಫಿಕ್ಸೆಡ್ ಪ್ರೈಸ್ ಇನ್ಸೆಂಟಿವ್ ಫೀ ಕರಾರು ಮಾಡಿಕೊಂಡಿದೆ. ಟಾರ್ಗೆಟ್ ಕಾಸ್ಟ್ 100 ಲಕ್ಷ, ಟಾರ್ಗೆಟ್ ಲಾಭ 10 ಲಕ್ಷ, ಹಾಗಾಗಿ ಟಾರ್ಗೆಟ್ ಪ್ರೈಸ್ 110 ಲಕ್ಷ. ಸೀಲಿಂಗ್ ಪ್ರೈಸ್ 122 ಲಕ್ಷ. ಖರ್ಚು ಹೆಚ್ಚಾದರೂ ಕಡಿಮೆಯಾದರೂ ಹಂಚಿಕೆ 60:40, ಅದರಲ್ಲಿ 60 ಮಾಲೀಕರದು. ಕೆಲಸ ಮುಗಿದಾಗ ಕಾಂಟ್ರಾಕ್ಟರಿಗೆ ಆದ ಖರ್ಚು 125 ಲಕ್ಷ. ಮಾಲೀಕರು ಎಷ್ಟು ಕೊಡಬೇಕು?

ಒಂದು ಪಾರ್ಟಿಯ ಲೆಕ್ಕ ಹೀಗಿದೆ. ಹೆಚ್ಚಾದದ್ದು 25 ಲಕ್ಷ, ಅದರ ಶೇ 60 ಅಂದರೆ 15. ಹಾಗಾಗಿ 110 ಕೂಡಿಸು 15, ಒಟ್ಟು 125. ಕಾಂಟ್ರಾಕ್ಟರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇನ್ನೊಂದು ಪಾರ್ಟಿ ಹೇಳುವುದು 122 ಮಾತ್ರ.

ಎರಡನೇ ಪ್ರಶ್ನೆಯೂ ಇದೆ. ಪುಸ್ತಕಗಳಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಆ ತುದಿಗೆ ಫಿಕ್ಸೆಡ್ ಪ್ರೈಸ್, ರಿಸ್ಕ್ ಸೆಲ್ಲರ್‌ದು. ಈ ತುದಿಗೆ ಕಾಸ್ಟ್ ರಿಇಂಬರ್ಸಬಲ್, ರಿಸ್ಕ್ ಬಯರ್‌ದು. ಟೈಮ್ ಅಂಡ್ ಮೆಟೀರಿಯಲ್ಸ್ ನಡುವೆ. ಈ "ನಡುವೆ" ಅಂದ್ರೆ ಏನು? ಅರ್ಧ ಅರ್ಧವಾ?

ಮಸ್ಕಿ ಜೆಇ

122. ಸೀಲಿಂಗ್ ಅಂದ ಮೇಲೆ ಮುಗಿಯಿತು, ಅದರ ಮೇಲೆ ಒಂದು ಪೈಸೆ ಇಲ್ಲ. 122 ದಾಟಿದ ಮೇಲೆ ಪೂರ್ತಿ ರಿಸ್ಕ್ ಕಾಂಟ್ರಾಕ್ಟರ್‌ದು.

ಟೈಮ್ ಅಂಡ್ ಮೆಟೀರಿಯಲ್ಸ್ ಅಂದ್ರೆ ನಮ್ಮ ಐಟಂ ರೇಟ್ ಟೆಂಡರ್ ಇದ್ದ ಹಾಗೆ. ಎಂಬಿಯಲ್ಲಿ ಅಳತೆ ಬರೆಯುತ್ತೇವೆ, ಆದಷ್ಟು ಕೆಲಸಕ್ಕೆ ಬಿಲ್ ಆಗುತ್ತದೆ. ಅದಕ್ಕೇ ನಡುವೆ ಇಟ್ಟಿದ್ದಾರೆ. ಇದರಲ್ಲಿ ಜಗಳ ಮಾಡುವಂಥದ್ದು ಏನಿಲ್ಲ.

ಶಕ್ತಿನಗರ ಹಳೇ ಟೆಂಡರ್

ಜೆಇ ಅವರು ಕೊಟ್ಟ ಉತ್ತರ ಸರಿ, ಹೇಳಿದ ಕಾರಣ ಪೂರ್ತಿ ಸರಿಯಿಲ್ಲ. ಐಟಂ ರೇಟ್ ವಿಷಯಕ್ಕೆ ಆಮೇಲೆ ಬರುತ್ತೇನೆ. ವಿದ್ಯುತ್ ಸ್ಥಾವರಗಳ ಓವರ್‌ಹಾಲ್ ಟೆಂಡರ್ ನೋಡಿಕೊಂಡೇ ರಿಟೈರ್ ಆದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಕರಾರು ಯಾವುದೇ ಇರಲಿ, ನಾನು ಕೇಳುವ ಪ್ರಶ್ನೆ ಒಂದೇ. ಈಗ ಇನ್ನೊಂದು ರೂಪಾಯಿ ಹೆಚ್ಚಿಗೆ ಖರ್ಚಾದರೆ ಅದು ಯಾರ ಜೇಬಿನಿಂದ ಹೋಗುತ್ತದೆ? ಇಡೀ ಕರಾರಿಗೆ ಒಂದೇ ಉತ್ತರ ಇರಬೇಕು ಅಂತಿಲ್ಲ. ಕೆಲವು ಕರಾರಿನಲ್ಲಿ ನಡುದಾರಿಯಲ್ಲಿ ಜೇಬು ಬದಲಾಗುತ್ತದೆ.

ನಿಮ್ಮ ಕನ್ವೇಯರ್ ಲೆಕ್ಕವನ್ನೇ ತಗೊಳ್ಳಿ. ಖರ್ಚು 110 ಲಕ್ಷ ಆಯಿತು ಅನ್ನಿ. ಟಾರ್ಗೆಟ್‌ಗಿಂತ 10 ಹೆಚ್ಚು. ಮಾಲೀಕರ ಪಾಲು 6, ಹಾಗಾಗಿ ಅವರು ಕೊಡುವುದು 116. ಕಾಂಟ್ರಾಕ್ಟರಿಗೆ ಉಳಿಯುವುದು 6. ಇಲ್ಲಿ ಹೆಚ್ಚಾದ ಪ್ರತಿ ರೂಪಾಯಿಗೆ 60 ಪೈಸೆ ಮಾಲೀಕರದು, 40 ಪೈಸೆ ಕಾಂಟ್ರಾಕ್ಟರ್‌ದು.

ಖರ್ಚು 120 ಆಯಿತು ಅನ್ನಿ. ಹೆಚ್ಚಾದದ್ದು 20, ಮಾಲೀಕರ ಪಾಲು 12. ಕೊಡುವುದು 122. ನೋಡಿದ್ರಾ, ಸೀಲಿಂಗ್ ಇಲ್ಲಿಗೇ ಮುಟ್ಟಿತು! ಕಾಂಟ್ರಾಕ್ಟರ್ ಕೈಯಲ್ಲಿ ಇನ್ನೂ 2 ಲಕ್ಷ ಲಾಭ ಇದೆ. ಆದರೆ ಖರ್ಚು 120 ದಾಟಿ ಇನ್ನೊಂದು ರೂಪಾಯಿ ಹೋದರೆ ಆ ಪೂರ್ತಿ ರೂಪಾಯಿ ಅವನದೇ. ಹಂಚಿಕೆ ಅಲ್ಲಿಗೆ ನಿಂತುಹೋಯಿತು. ಇದಕ್ಕೆ ಪಾಯಿಂಟ್ ಆಫ್ ಟೋಟಲ್ ಅಸಂಪ್ಶನ್ ಅನ್ನುತ್ತಾರೆ. ಪರೀಕ್ಷೆಗೆ ಬೇಕಾದ ಲೆಕ್ಕ:

```
PTA = (Ceiling Price − Target Price) ÷ Buyer's Share + Target Cost
    = (122 − 110) ÷ 0.60 + 100
    = 120
```

ಜೆಇ ಅವರು ಹೇಳಿದ 122 ಮಾಲೀಕರು ಕೊಡುವ ಬೆಲೆಯ ಮಿತಿ. 120 ಕಾಂಟ್ರಾಕ್ಟರ್ ಮಾಡುವ ಖರ್ಚಿನ ಅಂಕಿ. ಒಂದು ಬೆಲೆ, ಒಂದು ಖರ್ಚು. ಪರೀಕ್ಷೆಯಲ್ಲಿ ಎರಡನ್ನೂ ಆಯ್ಕೆಗಳಲ್ಲಿ ಅಕ್ಕಪಕ್ಕ ಇಡುತ್ತಾರೆ, ಅಲ್ಲೇ ಜನ ಜಾರುವುದು.

ಇನ್ನು 125ರ ಕಥೆ. ಕೊಡುವುದು 122, ಕಾಂಟ್ರಾಕ್ಟರಿಗೆ 3 ಲಕ್ಷ ನಷ್ಟ. ನಿಮ್ಮ ಮೊದಲನೇ ಪಾರ್ಟಿ ಹಂಚಿಕೆಯ ಲೆಕ್ಕವನ್ನು ಸೀಲಿಂಗ್ ದಾಟಿಸಿಕೊಂಡು ಹೋಗಿದೆ.

ತೋರಣಗಲ್ಲು ಪ್ಲಾನರ್

ಸರ್, ಬಹಳ ಥ್ಯಾಂಕ್ಸ್. ಒಂದು ಸಂಶಯ. 120ರಿಂದ 122ರ ವರೆಗೆ ಅವನಿಗೆ ನಷ್ಟ ಆಗಿಲ್ಲವಲ್ಲ? ಲಾಭ ಕರಗುತ್ತಿದೆ ಅಷ್ಟೆ. ಹಾಗಿದ್ದ ಮೇಲೆ "ಪೂರ್ತಿ ರಿಸ್ಕ್ ಅವನದು" ಅಂತ 120ಕ್ಕೇ ಯಾಕೆ ಹೇಳಬೇಕು?

ಗಿಣಿಗೇರಿ ಅಕೌಂಟ್ಸ್

ರಿಸ್ಕ್ ಬೇರೆ, ನಷ್ಟ ಬೇರೆ. ನಾನು ಸ್ಪಾಂಜ್ ಐರನ್ ಕಂಪನಿಯೊಂದರಲ್ಲಿ ಕಾಂಟ್ರಾಕ್ಟರ್ ಬಿಲ್ ಪಾಸ್ ಮಾಡುವ ಟೇಬಲ್‌ನಲ್ಲಿ ಕೂರುತ್ತೇನೆ. ನನ್ನ ಕಡೆಯಿಂದ ನೋಡಿ. ಖರ್ಚು 120 ಮುಟ್ಟಿದ ದಿನದಿಂದ ಆ ಕೆಲಸ ತಡವಾದರೂ ಮೇಟಿರಿಯಲ್ ಹಾಳಾದರೂ ನಮ್ಮ ಕಂಪನಿ ಕೊಡುವ ದುಡ್ಡು ಕದಲುವುದಿಲ್ಲ. 122 ಅಂದ್ರೆ 122. ನಮ್ಮ ಪಾಲಿಗೆ ಅವತ್ತಿನಿಂದ ಅದು ಮಾಮೂಲಿ ಫರ್ಮ್ ಫಿಕ್ಸೆಡ್ ಪ್ರೈಸ್ ಕರಾರು. ಅವನಿಗೆ ನಷ್ಟ ಶುರುವಾಗುವುದು ಖರ್ಚು 122 ದಾಟಿದ ಮೇಲೆ, ಅದು ಅವನ ಮನೆ ಲೆಕ್ಕ.

ಸೈಟ್‌ನಲ್ಲಿ ಗೊತ್ತಾಗುವುದು ಹೇಗೆ ಅಂತನೂ ಹೇಳ್ತೀನಿ. ಒಳ್ಳೆಯ ಫಿಟ್ಟರ್, ಒಳ್ಳೆಯ ಸೂಪರ್‌ವೈಸರ್ ಇದ್ದಕ್ಕಿದ್ದಂತೆ ಬೇರೆ ಸೈಟಿಗೆ ಹೋಗುತ್ತಾರೆ. ಅಲ್ಲಿಯವರೆಗೆ ಬಾಯಿಮಾತಿನಲ್ಲಿ ನಡೆಯುತ್ತಿದ್ದ ಸಣ್ಣಪುಟ್ಟ ಬದಲಾವಣೆಗೂ ಪತ್ರ ಬರಲು ಶುರುವಾಗುತ್ತದೆ. "ಇದು ನಮ್ಮ ಸ್ಕೋಪ್‌ನಲ್ಲಿ ಇಲ್ಲ, ಎಕ್ಸ್‌ಟ್ರಾ ಐಟಂ." ಇಂಥ ಪತ್ರ ದಿನಕ್ಕೊಂದು ಬಂದರೆ ಅವನು ಆ ಬಿಂದು ದಾಟಿದ್ದಾನೆ ಅಂತ ತಿಳಿದುಕೊಳ್ಳಿ. ಪೇಂಟ್ ಎರಡು ಕೋಟ್ ಆಯ್ತಾ ಅಂತ ಅವತ್ತಿನಿಂದ ನೀವೇ ನಿಂತು ನೋಡಬೇಕು.

ಮಸ್ಕಿ ಜೆಇ

ಅಕ್ಕಾವ್ರೇ, ಇದು ಎಲ್ಲಾ ಕಾಂಟ್ರಾಕ್ಟರೂ ಮೊದಲನೇ ದಿನದಿಂದಲೇ ಮಾಡ್ತಾರೆ 😄

ಗಿಣಿಗೇರಿ ಅಕೌಂಟ್ಸ್

ಫರ್ಮ್ ಫಿಕ್ಸೆಡ್ ಪ್ರೈಸ್‌ನಲ್ಲಿ ಮಾಡ್ತಾರೆ, ಯಾಕಂದ್ರೆ ಅಲ್ಲಿ ಮೊದಲನೇ ರೂಪಾಯಿಯಿಂದಲೇ ರಿಸ್ಕ್ ಅವರದು. ಅದೇ ನಾನು ಹೇಳಿದ್ದು.

ಹೊಸ ಮನೆ ಕೊಪ್ಪಳ

ಇಲ್ಲಿ ತಿಳಿದವರು ಇದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ. ಕೊಪ್ಪಳದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಕಾಂಟ್ರಾಕ್ಟರ್ ಹೇಳುವುದು, "ಎಲ್ಲಾ ಬಿಲ್ ನಿಮಗೇ ತೋರಿಸ್ತೀನಿ, ಗೌಂಡಿ ಕೂಲಿನೂ ಬರೆದಿಡ್ತೀನಿ, ಒಟ್ಟು ಖರ್ಚಿನ ಮೇಲೆ ನನಗೆ ಶೇ 10 ಕೊಡಿ." ಬಿಲ್ ಕಣ್ಣಿಗೆ ಕಾಣುವುದರಿಂದ ಮೋಸಕ್ಕೆ ಜಾಗ ಇಲ್ಲ ಅನ್ನಿಸುತ್ತದೆ. ಇದರಲ್ಲಿ ರಿಸ್ಕ್ ಅವನದೇ ಅಲ್ವಾ, ಅವನೇ ತಾನೇ ಮೊದಲು ದುಡ್ಡು ಹಾಕುವುದು?

ಶಕ್ತಿನಗರ ಹಳೇ ಟೆಂಡರ್

ಮೊದಲು ದುಡ್ಡು ಹಾಕುವುದು ಕೈಗಡದ ಮಾತು. ರಿಸ್ಕ್ ಅಂದರೆ ಕೊನೆಗೆ ಯಾರ ಜೇಬು ಅನ್ನುವುದು. ನಿಮ್ಮ ಕರಾರಿನಲ್ಲಿ ಪ್ರತಿ ರೂಪಾಯಿಯೂ ನಿಮ್ಮದು. ಮೇಲೆ ಹತ್ತು ಪೈಸೆ ಬೇರೆ.

ಸಾವಿರ ಚದರಡಿ ಟೈಲ್ಸ್ ಹಾಕಬೇಕು ಅನ್ನಿ. ಅಡಿಗೆ 60 ರೂಪಾಯಿಯ ಟೈಲ್ಸ್ ಆದರೆ ಬಿಲ್ 60,000, ಅವನ ಪಾಲು 6,000. 90ರ ಟೈಲ್ಸ್ ಆದರೆ ಬಿಲ್ 90,000, ಅವನಿಗೆ 9,000. ಅಂಗಡಿಯಲ್ಲಿ ಅವನು ಯಾವುದನ್ನು ಹೊಗಳುತ್ತಾನೆ, ನೀವೇ ಹೇಳಿ. ಅವನು ಒಳ್ಳೆಯವನೇ ಇರಬಹುದು, ಬಿಲ್ಲೂ ಸಾಚಾ ಇರಬಹುದು. ಆದರೆ ನಿಮ್ಮ ಖರ್ಚು ಏರಿದಷ್ಟೂ ಅವನಿಗೆ ಲಾಭ ಏರುವ ಹಾಗೆ ಕರಾರೇ ಇದೆ.

ಇದರ ಹೆಸರು ಕಾಸ್ಟ್ ಪ್ಲಸ್ ಪರ್ಸೆಂಟೇಜ್ ಆಫ್ ಕಾಸ್ಟ್. ಅಮೆರಿಕದ ಫೆಡರಲ್ ಖರೀದಿ ನಿಯಮಗಳಲ್ಲಿ ಇದನ್ನು ಬಳಸಲೇಬಾರದು ಅಂತ ಇದೆ. ಪರೀಕ್ಷೆಯ ಆಯ್ಕೆಗಳಲ್ಲಿ ಇದು ಕಂಡರೆ "ಬಯರ್‌ಗೆ ಅತಿ ಹೆಚ್ಚು ರಿಸ್ಕ್ ಯಾವುದರಲ್ಲಿ" ಅನ್ನುವ ಪ್ರಶ್ನೆಗೆ ಇದೇ ಉತ್ತರ.

ನಿಮಗೆ ನನ್ನ ಸಲಹೆ: ಮೊದಲು ಅಂದಾಜು ಮಾಡಿಸಿ. 30 ಲಕ್ಷ ಬಂದರೆ ಅವನ ಫೀ 3 ಲಕ್ಷ ಅಂತ ರೂಪಾಯಿಯಲ್ಲೇ ಬರೆದುಬಿಡಿ. ಮನೆಗೆ 35 ಆದರೂ ಅವನಿಗೆ 3, 28 ಆದರೂ 3. ಆಗ ದುಬಾರಿ ಟೈಲ್ಸ್ ಮೇಲೆ ಅವನಿಗೆ ಪ್ರೀತಿ ಇರುವುದಿಲ್ಲ. ಹಾಗಂತ ಹೆಚ್ಚಾದ 5 ಲಕ್ಷ ಅವನು ಕೊಡುವುದಿಲ್ಲ, ಅದು ನಿಮ್ಮದೇ. ಕಾಸ್ಟ್ ಪ್ಲಸ್ ಫಿಕ್ಸೆಡ್ ಫೀ ನಿಮ್ಮನ್ನು ಕಾಪಾಡುವುದು ಇಷ್ಟು ಮಾತ್ರ.

ಹೊಸ ಮನೆ ಕೊಪ್ಪಳ

ಸರಿ ಸರ್, ಕೇಳಿ ನೋಡ್ತೀನಿ. ಆದರೆ ಮೇಲೆ ಇನ್ನೊಂದು ರೂಮ್ ಹಾಕಿಸಿದರೆ ಅದೇ 3 ಲಕ್ಷಕ್ಕೆ ಮಾಡ್ತಾನಾ?

ಶಕ್ತಿನಗರ ಹಳೇ ಟೆಂಡರ್

ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಕೆಲಸವೇ ಬದಲಾದರೆ ಫೀ ಬದಲಾಗುತ್ತದೆ. ಅದೇ ಕೆಲಸಕ್ಕೆ ಖರ್ಚು ಏರಿದರೆ ಮಾತ್ರ ಬದಲಾಗುವುದಿಲ್ಲ.

ಗಿಣಿಗೇರಿ ಅಕೌಂಟ್ಸ್

ನಮ್ಮ ದೇಶದ ವಿಷಯನೂ ಸೇರಿಸ್ತೀನಿ. ಕೇಂದ್ರ ಸರ್ಕಾರದ 2017ರ ಜನರಲ್ ಫೈನಾನ್ಷಿಯಲ್ ರೂಲ್ಸ್‌ನಲ್ಲಿ ಕಾಸ್ಟ್ ಪ್ಲಸ್ ಕರಾರನ್ನು ಸಾಮಾನ್ಯವಾಗಿ ಮಾಡಬಾರದು, ಮಾಡಲೇಬೇಕಾದರೆ ಕಾರಣವನ್ನು ಮೊದಲೇ ಪೂರ್ತಿ ಬರೆದಿಡಬೇಕು ಅಂತ ಇದೆ. ಬೆಲೆ ಏರಿಳಿತದ ಷರತ್ತನ್ನೂ 18 ತಿಂಗಳಿಗಿಂತ ಉದ್ದದ ಕರಾರಿಗೆ ಮಾತ್ರ ಹಾಕಬಹುದು. ಅಂದ್ರೆ ಸರ್ಕಾರಕ್ಕೆ ಸಾಧ್ಯವಾದಷ್ಟೂ ರಿಸ್ಕ್ ಆಚೆ ತಳ್ಳುವ ಆಸೆ. ಕಾಂಟ್ರಾಕ್ಟರ್ ಏನು ಮಾಡ್ತಾನೆ? ಆ ರಿಸ್ಕಿನ ದುಡ್ಡನ್ನೂ ರೇಟಿನಲ್ಲಿ ಸೇರಿಸಿ ಕೋಟ್ ಮಾಡ್ತಾನೆ. ರಿಸ್ಕ್ ಹೊರುವವನಿಗೆ ಅದಕ್ಕೂ ದುಡ್ಡು ಸಿಗಬೇಕಲ್ವಾ.

ಮಸ್ಕಿ ಜೆಇ

ಆ ಬೆಲೆ ಏರಿಳಿತದ ಷರತ್ತು ಇದ್ದರೆ ಫಿಕ್ಸೆಡ್ ಪ್ರೈಸ್ ಅನ್ನುವುದೇ ಸುಳ್ಳಾಯಿತಲ್ಲ. ಸ್ಟೀಲ್, ಡೀಸೆಲ್ ಏರಿದ್ದನ್ನೆಲ್ಲಾ ಬಯರ್ ಕೊಟ್ಟರೆ ರಿಸ್ಕ್ ಎಲ್ಲಾ ಬಯರ್‌ದೇ.

ಶಕ್ತಿನಗರ ಹಳೇ ಟೆಂಡರ್

ಎಲ್ಲಾ ಅಲ್ಲ. ಸೂಚ್ಯಂಕಕ್ಕೆ ಕಟ್ಟಿದ ಭಾಗ ಮಾತ್ರ. ಟನ್‌ಗೆ ಸ್ಟೀಲ್ ಬೆಲೆ ಏರಿದ್ದಕ್ಕೆ ಮಾಲೀಕರು ಕೊಡುತ್ತಾರೆ. ಹತ್ತು ಟನ್ ಸಾಕಾಗುವ ಕಡೆ ಕಾಂಟ್ರಾಕ್ಟರ್ ಹನ್ನೆರಡು ಟನ್ ಕತ್ತರಿಸಿ ಹಾಳು ಮಾಡಿದರೆ ಆ ಎರಡು ಟನ್ ಅವನದೇ. ಸೂಚ್ಯಂಕ ಇಳಿದರೆ ಬಿಲ್ಲಿನಲ್ಲಿ ಕಡಿತವೂ ಆಗುತ್ತದೆ, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಪ್ರಶ್ನೆಯಲ್ಲಿ "ಹಲವು ವರ್ಷ ನಡೆಯುವ ಕೆಲಸ, ಸ್ಕೋಪ್ ಸ್ಪಷ್ಟ, ಹಣದುಬ್ಬರದ ಭಯ" ಅಂತ ಕಂಡರೆ ಈ ಕರಾರೇ ಉತ್ತರ.

ತೋರಣಗಲ್ಲು ಪ್ಲಾನರ್

ಸರ್, ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಅದೇ ಕನ್ವೇಯರ್, ಅದೇ ಅಂಕಿ, ಆದರೆ ಕರಾರು ಕಾಸ್ಟ್ ಪ್ಲಸ್ ಇನ್ಸೆಂಟಿವ್ ಫೀ. ಅದರಲ್ಲೂ ಟಾರ್ಗೆಟ್ ಇದೆ, ಅದರಲ್ಲೂ 60:40 ಇದೆ. ಹೆಸರು ಬಿಟ್ಟರೆ ವ್ಯತ್ಯಾಸ ಎಲ್ಲಿ? ನಮ್ಮ ಗುಂಪಿನಲ್ಲಿ ಯಾರಿಗೂ ಹೇಳಲು ಬರಲಿಲ್ಲ.

ಶಕ್ತಿನಗರ ಹಳೇ ಟೆಂಡರ್

ಒಳ್ಳೆಯ ಪ್ರಶ್ನೆ. ನನ್ನ ಪ್ರಕಾರ ಇಡೀ ಅಧ್ಯಾಯದಲ್ಲಿ ತಿಳಿದುಕೊಳ್ಳಬೇಕಾದದ್ದು ಇದೇ.

ಎರಡರಲ್ಲೂ ನಡುವಿನ ಭಾಗ ಒಂದೇ ಥರ. ವ್ಯತ್ಯಾಸ ಇರುವುದು ಹಂಚಿಕೆ ನಿಂತ ಮೇಲೆ. ಫಿಕ್ಸೆಡ್ ಪ್ರೈಸ್ ಇನ್ಸೆಂಟಿವ್‌ನಲ್ಲಿ ಬೆಲೆಗೆ ಸೀಲಿಂಗ್ ಇದೆ. ಕಾಸ್ಟ್ ಪ್ಲಸ್ ಇನ್ಸೆಂಟಿವ್‌ನಲ್ಲಿ ಬೆಲೆಗೆ ಸೀಲಿಂಗ್ ಇಲ್ಲ, ಅದರ ಬದಲು ಫೀಗೆ ಮೇಲೊಂದು, ಕೆಳಗೊಂದು ಮಿತಿ ಇರುತ್ತದೆ.

ಟಾರ್ಗೆಟ್ ಫೀ 10, ಕನಿಷ್ಠ 5, ಗರಿಷ್ಠ 15 ಅಂತ ಇಟ್ಟುಕೊಳ್ಳಿ. ಖರ್ಚು 110 ಆದರೆ ಫೀ 10ರಿಂದ 4 ಕಡಿತವಾಗಿ 6. ಮಾಲೀಕರು ಕೊಡುವುದು 110 ಕೂಡಿಸು 6, ಅಂದರೆ 116. ಮೊದಲಿನ ಕರಾರಿನಲ್ಲೂ 116 ಬಂದಿತ್ತು, ನೆನಪಿದೆಯಲ್ಲ? ಇಲ್ಲಿಯವರೆಗೆ ಅಣ್ಣತಮ್ಮಂದಿರು.

ಖರ್ಚು 112.5 ಮುಟ್ಟಿದಾಗ ಫೀ ಕನಿಷ್ಠ 5ಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಇಳಿಯುವುದಿಲ್ಲ. ಈಗ ಖರ್ಚು 125 ಅನ್ನಿ. ಹಂಚಿಕೆಯ ಲೆಕ್ಕದಲ್ಲಿ ಫೀ ಸೊನ್ನೆ ಆಗಬೇಕಿತ್ತು, ಆದರೆ ಕನಿಷ್ಠ 5 ಇದೆ. ಮಾಲೀಕರು ಕೊಡುವುದು 130. ಅದೇ ಖರ್ಚು, ಅದೇ ಹಂಚಿಕೆ. ಒಂದರಲ್ಲಿ ಮಾಲೀಕರು 122 ಕೊಟ್ಟು ಕಾಂಟ್ರಾಕ್ಟರ್ 3 ಕಳೆದುಕೊಂಡ. ಇನ್ನೊಂದರಲ್ಲಿ ಮಾಲೀಕರು 130 ಕೊಟ್ಟು ಕಾಂಟ್ರಾಕ್ಟರ್ 5 ಗಳಿಸಿದ.

ಅಕ್ಕಾವರು ಮೇಲೆ ಹೇಳಿದ್ದನ್ನೇ ಮುಂದುವರಿಸುತ್ತೇನೆ. ಹಂಚಿಕೆ ನಿಂತ ಮೇಲೆ ಒಂದು ಕರಾರು ಫರ್ಮ್ ಫಿಕ್ಸೆಡ್ ಪ್ರೈಸ್ ಥರ ನಡೆದುಕೊಳ್ಳುತ್ತದೆ, ಮುಂದಿನ ರೂಪಾಯಿ ಕಾಂಟ್ರಾಕ್ಟರ್‌ದು. ಇನ್ನೊಂದು ಕಾಸ್ಟ್ ಪ್ಲಸ್ ಫಿಕ್ಸೆಡ್ ಫೀ ಥರ ನಡೆದುಕೊಳ್ಳುತ್ತದೆ, ಮುಂದಿನ ರೂಪಾಯಿ ಮಾಲೀಕರದು. ಪರೀಕ್ಷೆಯಲ್ಲಿ ಸೀಲಿಂಗ್ ಪ್ರೈಸ್ ಅಂಕಿ ಕೊಟ್ಟಿದ್ದರೆ ಒಂದು, ಕನಿಷ್ಠ ಗರಿಷ್ಠ ಫೀ ಕೊಟ್ಟಿದ್ದರೆ ಇನ್ನೊಂದು. ಹೆಸರು ಹೇಳದಿದ್ದರೂ ಗುರುತಿಸಬಹುದು.

ಬಳ್ಳಾರಿ ಕೋಡರ್

ನಾನು ಸಾಫ್ಟ್‌ವೇರ್‌ನವನು, ಊರು ಬಳ್ಳಾರಿ. ನಮ್ಮ ಕಂಪನಿಯಲ್ಲಿ ಅರ್ಧಕ್ಕರ್ಧ ಪ್ರಾಜೆಕ್ಟ್ ಟೈಮ್ ಅಂಡ್ ಮೆಟೀರಿಯಲ್ಸ್. ಗಂಟೆಗೆ ಇಷ್ಟು ಅಂತ ಬಿಲ್ ಹೋಗುತ್ತದೆ. ನಮಗೆ ರಿಸ್ಕೇ ಇಲ್ಲ. "ನಡುವೆ" ಅಂತ ಯಾಕೆ ಹಾಕಿದ್ದಾರೋ ಗೊತ್ತಿಲ್ಲ, ಪೂರ್ತಿ ಕ್ಲೈಂಟ್‌ದು ಅಂತಲೇ ಹಾಕಬಹುದಿತ್ತು.

ಗಿಣಿಗೇರಿ ಅಕೌಂಟ್ಸ್

ತಮ್ಮಾ, ಗಂಟೆಗೆ 1,500 ಅಂತ ಎರಡು ವರ್ಷಕ್ಕೆ ಬರೆದುಕೊಟ್ಟಿದ್ದೀರಿ ಅನ್ನು. ನಡುವೆ ನಿಮ್ಮವರ ಸಂಬಳ ಏರಿತು. ಕ್ಲೈಂಟ್ 1,700 ಕೊಡ್ತಾರಾ? ಇಲ್ಲ. ರೇಟ್ ನಿಮ್ಮ ರಿಸ್ಕ್, ಗಂಟೆ ಅವರ ರಿಸ್ಕ್. ಪ್ಲಾನರ್ ಕೇಳಿದ "ನಡುವೆ"ಗೆ ಉತ್ತರ ಇದೇ. ಅರ್ಧ ಅರ್ಧ ಅಲ್ಲ. ಖರ್ಚನ್ನೇ ಎರಡು ಹೋಳು ಮಾಡಿ, ರೇಟ್ ಒಬ್ಬರಿಗೆ, ಪ್ರಮಾಣ ಇನ್ನೊಬ್ಬರಿಗೆ ಕೊಟ್ಟಿದ್ದಾರೆ.

ಹಾಗಂತ ಎರಡು ಹೋಳೂ ಒಂದೇ ಗಾತ್ರ ಅಲ್ಲ. ಕೆಲಸ ಕೆಡುವುದು ಗಂಟೆ ಜಾಸ್ತಿಯಾಗಿಯೇ.

ಮಸ್ಕಿ ಜೆಇ

ಹಾಗಾದ್ರೆ ನಾನು ಹೇಳಿದ್ದು ಸರಿಯಾಯ್ತಲ್ಲ! ಐಟಂ ರೇಟ್‌ನಲ್ಲೂ ರೇಟ್ ಕಾಂಟ್ರಾಕ್ಟರ್‌ದು, ಪ್ರಮಾಣ ಇಲಾಖೆಯದು.

ಶಕ್ತಿನಗರ ಹಳೇ ಟೆಂಡರ್

ಅರ್ಧ ಸರಿ. ಯಾವುದರ ಪ್ರಮಾಣ ಅನ್ನುವುದನ್ನು ನೋಡ್ರಿ. ನಿಮ್ಮ ಟೆಂಡರ್‌ನಲ್ಲಿ ಮಣ್ಣು ಅಗೆದದ್ದಕ್ಕೆ ಘನ ಮೀಟರ್ ಲೆಕ್ಕ. 1,000 ಘನ ಮೀಟರ್ ಅಂದಾಜು ಇದ್ದದ್ದು 1,300 ಆದರೆ ಆ 300ಕ್ಕೂ ಇಲಾಖೆ ಕೊಡುತ್ತದೆ, ನಿಜ. ಆದರೆ ಎರೆ ಮಣ್ಣಿನಲ್ಲಿ ಮಳೆ ಬಂದು ಜೆಸಿಬಿ ಹೂತುಕೊಂಡು ನಾಲ್ಕು ದಿನ ನಿಂತರೆ? ಘನ ಮೀಟರ್ ಒಂದೂ ಏರಲಿಲ್ಲ. ಆ ನಾಲ್ಕು ದಿನದ ಬಾಡಿಗೆ ಕಾಂಟ್ರಾಕ್ಟರ್‌ದು.

ಅದೇ ಜೆಸಿಬಿಯನ್ನು ಗಂಟೆ ಲೆಕ್ಕಕ್ಕೆ ಕರೆಸಿದ್ದರೆ, ನಿಧಾನ ಮಾಡಿದ ಪ್ರತಿ ಗಂಟೆಯೂ ಕರೆಸಿದವರದು. ಐಟಂ ರೇಟ್‌ನಲ್ಲಿ ದುಡ್ಡು ಸಿಗುವುದು ಆದ ಕೆಲಸಕ್ಕೆ, ಟೈಮ್ ಅಂಡ್ ಮೆಟೀರಿಯಲ್ಸ್‌ನಲ್ಲಿ ಕಳೆದ ಹೊತ್ತಿಗೆ. ಆಲಸ್ಯದ ರಿಸ್ಕ್ ಯಾರದು ಅನ್ನುವಲ್ಲಿ ಇವೆರಡೂ ಬೇರೆ ಬೇರೆ.

ಮಸ್ಕಿ ಜೆಇ

ಒಪ್ಪಿದೆ. ಆದರೆ ಗಟ್ಟಿ ಬಂಡೆ ಬಂದರೆ ನಾವು ಬೇರೆ ಐಟಂ ಹಾಕಿ ಕೊಡ್ತೀವಿ, ಅಲ್ಲಿ ಕಾಂಟ್ರಾಕ್ಟರ್ ಮೇಲೆ ಬಿಡಲ್ಲ.

ಶಕ್ತಿನಗರ ಹಳೇ ಟೆಂಡರ್

ಹೌದು, ಟೆಂಡರ್‌ನಲ್ಲಿ ಗಟ್ಟಿ ಬಂಡೆಗೆ ಬೇರೆ ಐಟಂ ಇದ್ದರೆ. ಅದನ್ನು ಬರೆಯದಿದ್ದ ಕಡೆಯೇ ಕೋರ್ಟಿನವರೆಗೆ ಹೋಗುವುದು.

ಬಳ್ಳಾರಿ ಕೋಡರ್

ಅಕ್ಕ ಹೇಳಿದ್ದು ಸರಿ, ರೇಟ್ ವಿಷಯ ನಾನು ಯೋಚಿಸಿರಲಿಲ್ಲ. ಆದರೆ ನಮ್ಮ ಕ್ಲೈಂಟ್ ಈಗ "ನಾಟ್ ಟು ಎಕ್ಸೀಡ್" ಅಂತ ಒಂದು ಮಿತಿ ಹಾಕಿಸಿದ್ದಾರೆ. 1,500ರ ರೇಟ್, ಮಿತಿ 9 ಲಕ್ಷ. ಆಗ ಅದು ಫಿಕ್ಸೆಡ್ ಪ್ರೈಸ್ 9 ಲಕ್ಷ ಆದ ಹಾಗೇ ಅಲ್ವಾ?

ಶಕ್ತಿನಗರ ಹಳೇ ಟೆಂಡರ್

ಹಾಗೆ ಕಾಣುತ್ತದೆ, ಹಾಗಲ್ಲ. 9 ಲಕ್ಷ ಅಂದರೆ 600 ಗಂಟೆ. 600 ಗಂಟೆ ಮುಗಿದಾಗ ಕೆಲಸ ಮುಕ್ಕಾಲು ಭಾಗ ಆಗಿದೆ ಅನ್ನಿ. ಫಿಕ್ಸೆಡ್ ಪ್ರೈಸ್ ಆಗಿದ್ದರೆ ಉಳಿದ ಕಾಲು ಭಾಗವನ್ನು ನೀವು ಸ್ವಂತ ಖರ್ಚಿನಲ್ಲಿ ಮುಗಿಸಿಕೊಡಲೇಬೇಕು, ಮಾತು ಕೊಟ್ಟಿರುವುದು ಕೆಲಸಕ್ಕೆ. ಟೈಮ್ ಅಂಡ್ ಮೆಟೀರಿಯಲ್ಸ್‌ನಲ್ಲಿ ಮಾತು ಕೊಟ್ಟಿರುವುದು ಶ್ರಮಕ್ಕೆ. ಅಮೆರಿಕದ ಫೆಡರಲ್ ನಿಯಮದಲ್ಲಿ ಮಿತಿ ಮುಟ್ಟಿದ ಮೇಲೆ, ಕೊಂಡವರು ಮಿತಿ ಏರಿಸುವವರೆಗೆ ಮುಂದುವರಿಸುವ ಬಾಧ್ಯತೆ ಕಾಂಟ್ರಾಕ್ಟರಿಗೆ ಇಲ್ಲ. ಮುಂದುವರಿಸಿದರೆ ಸ್ವಂತ ರಿಸ್ಕ್. ಕಾಸ್ಟ್ ರಿಇಂಬರ್ಸಬಲ್‌ನಲ್ಲೂ ಅಂದಾಜು ಮುಗಿದಾಗ ಹೀಗೇ.

ಹಾಗಾಗಿ ಮಿತಿ ಹಾಕಿದರೆ ಮಾಲೀಕರಿಗೆ ದುಡ್ಡಿನ ರಿಸ್ಕ್ ತಪ್ಪುತ್ತದೆ. ಕೆಲಸ ಅರ್ಧಕ್ಕೆ ನಿಲ್ಲುವ ರಿಸ್ಕ್ ಉಳಿಯುತ್ತದೆ. ನಿಮ್ಮ ಕರಾರಿನಲ್ಲಿ "ಮಿತಿಯೊಳಗೆ ಪೂರ್ತಿ ಮುಗಿಸಿಕೊಡತಕ್ಕದ್ದು" ಅಂತ ಬೇರೆ ಸಾಲು ಇದ್ದರೆ ಕಥೆ ಬೇರೆ. ಆ ಸಾಲು ಇದೆಯಾ ನೋಡಿ.

ಬಳ್ಳಾರಿ ಕೋಡರ್

ಇದೆ 😐 ಮ್ಯಾನೇಜರ್‌ಗೆ ಈ ಥ್ರೆಡ್ ಕಳಿಸ್ತೀನಿ.

ತೋರಣಗಲ್ಲು ಪ್ಲಾನರ್

ಈಗ ಒಂದು ಸನ್ನಿವೇಶದ ಪ್ರಶ್ನೆ ಮಾಡಿದ್ದೇನೆ. ಪರೀಕ್ಷೆಯಲ್ಲಿ ಲೆಕ್ಕಕ್ಕಿಂತ ಇಂಥವೇ ಜಾಸ್ತಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದದ್ದು ನಮಗೆಲ್ಲಾ ನೆನಪಿದೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಬೇಕಾಯಿತು. ಸನ್ನಿವೇಶವನ್ನು ಮಾತ್ರ ಅಲ್ಲಿಂದ ತಗೋತೀನಿ, ಕರಾರು ನಮ್ಮ ಕಲ್ಪನೆಯದು. ನೀವು ಪ್ರಾಜೆಕ್ಟ್ ಮ್ಯಾನೇಜರ್. ನೀರು ವ್ಯರ್ಥವಾಗಿ ಹೋಗುತ್ತಿದೆ. ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಕ್ರೇನ್ ಬೇಕು, ಮೊದಲನೇ ಪ್ರಯತ್ನ ಫಲಿಸುತ್ತದಾ, ಯಾವುದೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಜನ ಕೆಲಸಕ್ಕೆ ಇಳಿಯಬೇಕು. ಯಾವ ಕರಾರು?

ನನ್ನ ಉತ್ತರ ಟೈಮ್ ಅಂಡ್ ಮೆಟೀರಿಯಲ್ಸ್.

ಮಸ್ಕಿ ಜೆಇ

ಫಿಕ್ಸೆಡ್ ಪ್ರೈಸ್ ಕೊಟ್ಟು ಬೇಗ ಮುಗಿಸಿದರೆ ಬೋನಸ್ ಅನ್ನಿ. ಕಾಂಟ್ರಾಕ್ಟರ್ ತಾನೇ ಓಡಾಡಿ ಮುಗಿಸ್ತಾನೆ.

ಶಕ್ತಿನಗರ ಹಳೇ ಟೆಂಡರ್

ಪ್ಲಾನರ್ ಉತ್ತರವೇ ಪರೀಕ್ಷೆಯ ಉತ್ತರ. ಜೆಇ ಅವರೇ, ಏನು ಕೆಲಸ ಅಂತಲೇ ಬರೆಯಲು ಬಾರದಿರುವಾಗ ಯಾವುದಕ್ಕೆ ಬೆಲೆ ಹೇಳುತ್ತಾನೆ? ಹೇಳಿದರೂ ಮೂರು ಪಟ್ಟು ಹೇಳುತ್ತಾನೆ, ಅಥವಾ ಕಡಿಮೆ ಹೇಳಿ ಎರಡನೇ ದಿನ ಕೈ ಎತ್ತುತ್ತಾನೆ. ಅವನು ಕೈ ಎತ್ತಿದರೆ ರಿಸ್ಕ್ ಕಾಗದದಲ್ಲಿ ಅವನದು, ನದಿಯಲ್ಲಿ ನಿಮ್ಮದು.

ಆದರೆ ಅದನ್ನು ತುರ್ತಿಗೆ ಮಾತ್ರ ಇಟ್ಟುಕೊಳ್ಳಬೇಕು. ಆ ಅಣೆಕಟ್ಟೆಗೆ ಇರುವುದು 33 ಕ್ರಸ್ಟ್ ಗೇಟ್. ಎಲ್ಲವನ್ನೂ ಬದಲಿಸುವ ಪ್ರಶ್ನೆ ಕೊಟ್ಟು, ವಿನ್ಯಾಸ ಸಿದ್ಧವಿದೆ, ಅಳತೆ ಗೊತ್ತಿದೆ ಅಂದರೆ ಉತ್ತರ ಫಿಕ್ಸೆಡ್ ಪ್ರೈಸ್ ಕಡೆ ತಿರುಗುತ್ತದೆ. ಜಾಗ ಒಂದೇ, ಕಟ್ಟೆ ಒಂದೇ. ಸ್ಕೋಪ್ ಎಷ್ಟು ಗೊತ್ತು ಅನ್ನುವುದರ ಮೇಲೆ ಕರಾರು ಬದಲಾಯಿತು.

ಗಿಣಿಗೇರಿ ಅಕೌಂಟ್ಸ್

ನಾನು ಸ್ವಲ್ಪ ಒಪ್ಪಲ್ಲ ಸರ್. ಇಂಥ ತುರ್ತಿಗೆ ಕಾಸ್ಟ್ ಪ್ಲಸ್ ಫಿಕ್ಸೆಡ್ ಫೀ ಯಾಕಾಗಬಾರದು? ಗಂಟೆ ಲೆಕ್ಕದಲ್ಲಿ ಲಾಭ ಗಂಟೆಯೊಳಗೇ ಕೂತಿರುತ್ತದೆ, ಕೆಲಸ ಎಳೆದಷ್ಟೂ ಅವನಿಗೆ ಲಾಭ. ಫಿಕ್ಸೆಡ್ ಫೀ ಆದರೆ ಎಳೆದು ಅವನಿಗೇನೂ ಸಿಗಲ್ಲ. ನೀರು ಹೋಗ್ತಾ ಇರುವಾಗ ಎಳೆಯುವವನಿಗೆ ಲಾಭ ಕೊಡುವ ಕರಾರು ಯಾಕೆ?

ಶಕ್ತಿನಗರ ಹಳೇ ಟೆಂಡರ್

ನಿಮ್ಮ ಮಾತಿನಲ್ಲಿ ಹುರುಳಿದೆ. ನನ್ನ ತಕರಾರು ಒಂದೇ. ಕಾಸ್ಟ್ ಪ್ಲಸ್‌ಗೆ ಅವನ ಲೆಕ್ಕದ ಪುಸ್ತಕ ಆಡಿಟ್ ಆಗುವಂತಿರಬೇಕು, ಯಾವ ಖರ್ಚು ಒಪ್ಪುತ್ತೇವೆ ಯಾವುದು ಒಪ್ಪಲ್ಲ ಅಂತ ಮೊದಲೇ ಕೂತು ತೀರ್ಮಾನ ಆಗಬೇಕು. ರಾತ್ರೋರಾತ್ರಿ ಅದು ಆಗಲ್ಲ. ಗಂಟೆಯ ರೇಟ್, ಕ್ರೇನಿನ ಬಾಡಿಗೆ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಬಹುದು. ಪರೀಕ್ಷೆಯಲ್ಲಿ "ತಕ್ಷಣ", "ಸಣ್ಣ ಅವಧಿ" ಅನ್ನುವ ಮಾತಿದ್ದರೆ ಟೈಮ್ ಅಂಡ್ ಮೆಟೀರಿಯಲ್ಸ್ ಆರಿಸಿ. "ಸಂಶೋಧನೆ", "ದೀರ್ಘ", "ಸ್ಕೋಪ್ ಬದಲಾಗುತ್ತಾ ಹೋಗುತ್ತದೆ" ಇದ್ದರೆ ಕಾಸ್ಟ್ ಪ್ಲಸ್.

ಗಿಣಿಗೇರಿ ಅಕೌಂಟ್ಸ್

ಪರೀಕ್ಷೆಗೆ ಸರಿ. ನನ್ನ ಟೇಬಲ್‌ಗೆ ಬಂದರೆ ಕ್ರೇನ್ ಎಷ್ಟು ಗಂಟೆ ಸುಮ್ನೆ ನಿಂತಿತ್ತು ಅನ್ನುವ ಲಾಗ್ ಶೀಟ್ ಕೇಳಿಯೇ ಕೇಳ್ತೀನಿ.

ಹೊಸ ಮನೆ ಕೊಪ್ಪಳ

ಕಾಂಟ್ರಾಕ್ಟರ್ ಹತ್ತಿರ ಮಾತಾಡಿದೆ. 3 ಲಕ್ಷ ಫಿಕ್ಸ್ ಬೇಡವಂತೆ. "ಕಡಿಮೆ ಆದ್ರೆ ನನಗೇನು ಲಾಭ" ಅಂತಾನೆ.

ತೋರಣಗಲ್ಲು ಪ್ಲಾನರ್

ಅಣ್ಣಾರ, ಹಾಗಾದ್ರೆ ಇನ್ಸೆಂಟಿವ್ ಹಾಕಿ. ಟಾರ್ಗೆಟ್ 30 ಲಕ್ಷ, ಫೀ 3 ಲಕ್ಷ, ಉಳಿಸಿದ್ದರಲ್ಲಿ ಅವನಿಗೆ ಶೇ 40. 28ಕ್ಕೆ ಮುಗಿಸಿದರೆ ಅವನಿಗೆ 3 ಲಕ್ಷ 80 ಸಾವಿರ, ನಿಮಗೆ ಒಟ್ಟು 31 ಲಕ್ಷ 80 ಸಾವಿರ. 32 ಆದರೆ ಅವನ ಫೀ 2 ಲಕ್ಷ 20 ಸಾವಿರಕ್ಕೆ ಇಳಿಯುತ್ತದೆ.

ಗಿಣಿಗೇರಿ ಅಕೌಂಟ್ಸ್

ಆ 30ರ ಅಂದಾಜನ್ನು ಅವನ ಕೈಯಲ್ಲೇ ಮಾಡಿಸಬೇಡಿ ಮತ್ತೆ. 34 ಅಂತ ಬರೆದು 30ಕ್ಕೆ ಮುಗಿಸಿ ಉಳಿತಾಯದ ಪಾಲು ಕೇಳ್ತಾನೆ. ಟಾರ್ಗೆಟ್ ಉಬ್ಬಿಸಿದರೆ ಹಂಚಿಕೆ ಎಷ್ಟಿದ್ದರೂ ಅರ್ಥ ಇಲ್ಲ. ಸಿಮೆಂಟ್ ಗ್ರೇಡ್, ಕಂಬಿ ಸೈಜ್ ಎಲ್ಲಾ ಬರೆಸಿ, ಬೇರೆ ಎಂಜಿನಿಯರ್ ಹತ್ತಿರ ಅಂದಾಜು ತೆಗೆಸಿ.

ಹೊಸ ಮನೆ ಕೊಪ್ಪಳ

ಆ ಎಂಜಿನಿಯರ್‌ಗೆ ಫೀ ಶೇಕಡಾ ಲೆಕ್ಕನಾ, ಫಿಕ್ಸಾ?

ಮಸ್ಕಿ ಜೆಇ

ಫಿಕ್ಸ್ ಮಾಡ್ರಿ 😄